ಕಾಯುವ ಹೊತ್ತಿಗೂ ಮೀಟರ್

ಬಿಲ್ 11 ಡಾಲರ್ 33 ಸೆಂಟ್. ಡಾಲರಿಗೆ 88 ರೂಪಾಯಿ ಹಿಡಿದರೆ ಸಾವಿರಕ್ಕೆ ಮೂರು ರೂಪಾಯಿ ಕಡಿಮೆ, ಅದರ ಮೇಲೆ ಜಿಎಸ್‌ಟಿ. ಮನೆ ಮುಳುಗುವ ಮೊತ್ತವಲ್ಲ ನಿಜ, ಆದರೆ ಸೊನ್ನೆ ಇರಬೇಕಾದ ಜಾಗದಲ್ಲಿ ಅದು ಬಂದು ಕೂತಿತ್ತು.

ಸಾಗರದ ಚಿಕ್ಕಪ್ಪನಿಗೆ ಅಡಿಕೆ ಧಾರಣೆ ಮೊಬೈಲಿಗೆ ಬರಲಿ ಎಂದು ಎಡಬ್ಲ್ಯುಎಸ್ ಲ್ಯಾಂಬ್ಡಾದಲ್ಲಿ ಪುಟ್ಟ ಫಂಕ್ಷನ್ ಒಂದನ್ನು ಬರೆದಿದ್ದೆ. ಅದು ನಿಮಿಷಕ್ಕೊಮ್ಮೆ ಎದ್ದು ಒಂದು ಜಾಲತಾಣದ ಪುಟ ತೆರೆದು, ದರ ಬದಲಾಗಿದ್ದರೆ ಸಂದೇಶ ಕಳಿಸುತ್ತಿತ್ತು. ತಿಂಗಳಿಗೆ 10 ಲಕ್ಷ ಕರೆ ಉಚಿತ. ನನ್ನದು 60 × 24 × 30, ಅಂದರೆ 43,200. ಮಿತಿಯ ಶೇ 5ರಷ್ಟೂ ಇಲ್ಲ. ಹಾಗಾಗಿ ಮೆಮೊರಿ ಎಷ್ಟಿರಲಿ ಎಂಬ ಖಾನೆಯಲ್ಲಿ, ಹೇಗೂ ಪುಕ್ಕಟೆ ಎಂದು, 1024 ಎಂಬಿ ಹಾಕಿದೆ. ದುಡ್ಡು ಹೋದದ್ದು ಅಲ್ಲಿ.

ಉಚಿತ ಮಿತಿಗಳು ಎರಡು, ಎರಡೂ ಬೇರೆ ಬೇರೆ ಓಡುತ್ತವೆ. ಒಂದು ಕರೆಗಳದ್ದು. ಇನ್ನೊಂದು 4 ಲಕ್ಷ ಜಿಬಿ-ಸೆಕೆಂಡ್: ಓಡಿದ ಸಮಯವನ್ನು ಮೆಮೊರಿಯಿಂದ ಗುಣಿಸಿದ್ದು. ಇಲ್ಲಿ ಲೆಕ್ಕಕ್ಕೆ ಬರುವುದು ನಾವು ಬಳಸಿದ ಮೆಮೊರಿಯಲ್ಲ, ಕೇಳಿ ಇಟ್ಟುಕೊಂಡ ಮೆಮೊರಿ. ಸಮಯ ಕೂಡ ಫಂಕ್ಷನ್ ದುಡಿದ ಹೊತ್ತಲ್ಲ, ಎಚ್ಚರವಿದ್ದ ಹೊತ್ತು. ಆಟೋ ನಿಲ್ಲಿಸಿಕೊಂಡು ಅಂಗಡಿಗೆ ಹೋದರೆ ಬೀಳುವ ವೇಟಿಂಗ್ ಚಾರ್ಜ್ ಇದ್ದಂತೆ.

ಮೊದಲು ಆ ತಾಣ 4 ಸೆಕೆಂಡಿನಲ್ಲಿ ಉತ್ತರಿಸುತ್ತಿತ್ತು. 43,200 × 4 × 1 ಜಿಬಿ, ಒಟ್ಟು 1,72,800. ಮಿತಿಯೊಳಗೇ ಇತ್ತು. ಆಮೇಲೆ ತಾಣ ನಿಧಾನವಾಗಿ ಒಂದೊಂದು ಉತ್ತರಕ್ಕೆ 25 ಸೆಕೆಂಡ್ ಹಿಡಿಯತೊಡಗಿತು. ನಾನು ಟೈಮ್‌ಔಟ್ 30 ಸೆಕೆಂಡ್ ಇಟ್ಟಿದ್ದರಿಂದ ಯಾವ ಕರೆಯೂ ವಿಫಲವಾಗಲಿಲ್ಲ, ನನಗೆ ಸುಳಿವೂ ಸಿಗಲಿಲ್ಲ. ಈಗ 43,200 × 25 = 10,80,000. ಉಚಿತದ 4 ಲಕ್ಷ ಕಳೆದರೆ ಉಳಿದದ್ದು 6,80,000. ಜಿಬಿ-ಸೆಕೆಂಡಿಗೆ 0.0000166667 ಡಾಲರಿನಂತೆ 11.33. ಫಂಕ್ಷನ್ ಆ ಹೊತ್ತೆಲ್ಲ ಮಾಡಿದ್ದು ಸುಮ್ಮನೆ ಕಾದದ್ದು.

ಇದೇ ಲೆಕ್ಕವನ್ನು 128 ಎಂಬಿಗೆ ಹಾಕಿ ನೋಡಿ. 10,80,000ದ ಎಂಟನೇ ಒಂದು ಪಾಲು, 1,35,000. ತಾಣ ಇಷ್ಟು ತೆವಳಿದರೂ ಬಿಲ್ ಸೊನ್ನೆ. ಕಾಯುವುದಕ್ಕೆ ಮೆಮೊರಿ ಬೇಕಿಲ್ಲ. ಚಿತ್ರ ಕಿರಿದಾಗಿಸುವಂಥ ಕೆಲಸದ ಮಾತು ಬೇರೆ: ಮೆಮೊರಿ ಏರಿಸಿದಂತೆ ಸಿಪಿಯು ಪಾಲೂ ಏರುತ್ತದೆ, 1769 ಎಂಬಿಗೆ ಒಂದು ಪೂರ್ತಿ ಸಿಪಿಯು ಸಿಗುತ್ತದೆ. ಅಲ್ಲಿ ಮೆಮೊರಿ ದುಪ್ಪಟ್ಟಾದರೆ ಸಮಯ ಅರ್ಧಕ್ಕೆ ಇಳಿದು ಖರ್ಚು ಅಷ್ಟೇ ಉಳಿಯಬಹುದು. ನಿಮ್ಮದು ಯಾವ ಜಾತಿಯ ಕೆಲಸ ಎಂದು ತಿಳಿಯಬೇಕಾದರೆ ಪ್ರತಿ ಕರೆಯ ಲಾಗ್‌ನ ಕೊನೆಯಲ್ಲಿರುವ `REPORT` ಸಾಲು ನೋಡಿ. `Billed Duration`, `Memory Size`, `Max Memory Used` ಮೂರೂ ಅಲ್ಲೇ ಇವೆ. ಕೊನೆಯದು 70 ಎಂಬಿ ತೋರಿಸುತ್ತಿದ್ದದ್ದನ್ನು ನಾನು ಓದಿದ್ದು ಬಿಲ್ ಬಂದ ಮೇಲೆ.

ಟೈಮ್‌ಔಟ್ ಕಡಿಮೆ ಮಾಡಿದರೂ ಜಾಗ್ರತೆ ಬೇಕು. ಗಡಿಯಾರದಿಂದ ಏಳುವ ಫಂಕ್ಷನ್ ವಿಫಲವಾದರೆ ಲ್ಯಾಂಬ್ಡಾ ತಾನಾಗಿಯೇ ಇನ್ನೆರಡು ಸಲ ಪ್ರಯತ್ನಿಸುತ್ತದೆ, ಮೂರಕ್ಕೂ ಲೆಕ್ಕ ಬೀಳುತ್ತದೆ. ಆ ಮರುಪ್ರಯತ್ನವನ್ನು ಸೊನ್ನೆಗೆ ಇಳಿಸಬಹುದು.

ಉಚಿತ ಮಿತಿ ದಾಟಿದರೆ ಫಂಕ್ಷನ್ ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ದುಡ್ಡು ಕಟ್ಟುವ ಖಾತೆಯಲ್ಲಿ ನಿಲ್ಲುವುದಿಲ್ಲ, ಮುಂದಿನ ಸೆಕೆಂಡಿನಿಂದ ದರ ಶುರು. ಮಿತಿ ಇಡೀ ಖಾತೆಗೆ ಒಂದೇ, ಫಂಕ್ಷನ್‌ಗೊಂದಲ್ಲ. ಬಜೆಟ್ ಎಚ್ಚರಿಕೆ ಹಾಕಿದರೆ ಇಮೇಲ್ ಬರುತ್ತದೆ, ಅದೂ ಗಂಟೆಗಟ್ಟಲೆ ತಡವಾಗಿ.

ಈ ಮಿತಿಗಳಿಗೆ ಸೇರದ ಖರ್ಚೂ ಒಂದಿದೆ. ಡೇಟಾಬೇಸ್ ತಲುಪಲೆಂದು ಫಂಕ್ಷನನ್ನು ಖಾಸಗಿ ನೆಟ್‌ವರ್ಕ್ ಒಳಗೆ ಇಟ್ಟವರಿಗೆ ಮಾರುವ ನ್ಯಾಟ್ ಗೇಟ್‌ವೇ ಬಗ್ಗೆ ನನಗೆ ತಾಳ್ಮೆಯೇ ಇಲ್ಲ. ವರ್ಜೀನಿಯಾ ವಲಯದಲ್ಲಿ ಗಂಟೆಗೆ 0.045 ಡಾಲರ್, ಒಂದು ಬೈಟೂ ಹಾಯದಿದ್ದರೂ ತಿಂಗಳಿಗೆ 32 ಡಾಲರ್ ದಾಟುತ್ತದೆ. ಉಚಿತ ಫಂಕ್ಷನ್ನಿನ ಬಾಗಿಲಿಗೆ ಇಷ್ಟು ಬಾಡಿಗೆ! ಸಣ್ಣ ಕೆಲಸಕ್ಕೆ ಅದರ ಹತ್ತಿರವೂ ಹೋಗಬೇಡಿ.

ಇನ್ನೊಂದು ಮಾತು. ಅಡಿಕೆ ಮಂಡಿಯ ಟೆಂಡರ್ ದರ ನಿಮಿಷಕ್ಕೊಮ್ಮೆ ಬದಲಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ನೋಡಿದರೆ ತಿಂಗಳಿಗೆ 1,440 ಕರೆ ಸಾಕಿತ್ತು. ಬೆಲೆ ಇದ್ದರೆ ಎಷ್ಟು ಬೇಕು ಎಂದು ಕೇಳಿಕೊಳ್ಳುವ ನಾವು ಪುಕ್ಕಟೆ ಎಂದ ಕೂಡಲೇ ಆ ಪ್ರಶ್ನೆ ಬಿಟ್ಟುಬಿಡುತ್ತೇವೆ. ಮದುವೆಮನೆಯ ಎಲೆ ನೋಡಿದವರಿಗೆ ಹೇಳಬೇಕಿಲ್ಲ.

ಬಿಲ್ಲಿಗೆ ನಿಜವಾದ ಮುಚ್ಚಳವೆಂದರೆ ಏಕಕಾಲದ ಓಟಕ್ಕೆ ಹಾಕುವ ಮಿತಿ:

```
aws lambda put-function-concurrency \
  --function-name dharane \
  --reserved-concurrent-executions 1
```

ಒಂದು ಹೊತ್ತಿಗೆ ಒಂದೇ ಓಟ, 128 ಎಂಬಿ. ಹಗಲುರಾತ್ರಿ ಬಿಡದೆ 30 ದಿನ ಓಡಿದರೂ 25,92,000 ಸೆಕೆಂಡ್, ಅಂದರೆ 3,24,000 ಜಿಬಿ-ಸೆಕೆಂಡ್. ಖಾತೆಯಲ್ಲಿ ಬೇರೆ ಫಂಕ್ಷನ್ ಇಲ್ಲದಿದ್ದರೆ ಓಟದ ಸಮಯಕ್ಕೆ ದುಡ್ಡು ಬೀಳುವ ಸಾಧ್ಯತೆಯೇ ಇಲ್ಲ. ಹೊಸ ಖಾತೆಗಳಲ್ಲಿ ಏಕಕಾಲದ ಓಟದ ಒಟ್ಟು ಮಿತಿ ಸಣ್ಣದಿದ್ದರೆ ಈ ಆಜ್ಞೆಯನ್ನು ಲ್ಯಾಂಬ್ಡಾ ಒಪ್ಪದೆ ಹೋಗಬಹುದು, ಆಗ ಮೊದಲು ಮಿತಿ ಹೆಚ್ಚಿಸಿಕೊಡಲು ಅರ್ಜಿ ಹಾಕಬೇಕು.