ಒಂದು ಪದಕ್ಕೆ ಮೂರು ಪ್ರಶ್ನೆ

ನಮ್ಮ ಮನೆ ಮಾತು ಉರ್ದು. ಹೊಸ ಕನ್ನಡ ಪದ ಸಿಕ್ಕಾಗ ನಾನು ಗೆಳೆಯರಿಗೆ ಮೂರು ಪ್ರಶ್ನೆ ಕೇಳುತ್ತೇನೆ. ಲೆಕ್ಕಶಾಸ್ತ್ರದಲ್ಲಿ ದಿನವೂ ಬರುವ ‘ಸಾಲ’ವನ್ನೇ ನೋಡಿ.

ಮೊದಲ ಪ್ರಶ್ನೆ: ಇದರ ಅರ್ಥವೇನು? ಉರ್ದುವಿನಲ್ಲಿ ‘ಕರ್ಜ್’. ಹಾಗಾದರೆ ಸಾಲಗಾರ ಎಂದರೆ ‘ಕರ್ಜ್‌ದಾರ್’, ಅಂದರೆ ಸಾಲ ಪಡೆದವನು. ಇಲ್ಲಿಗೇ ನಿಲ್ಲಬಾರದು.

ಎರಡನೆಯ ಪ್ರಶ್ನೆ: ವಾಕ್ಯದಲ್ಲಿ ಹೇಗೆ ಬರುತ್ತದೆ? ‘ಬ್ಯಾಂಕು ಸಾಲಗಾರರಿಗೆ ನೋಟಿಸ್ ಕೊಟ್ಟಿತು.’ ಇಲ್ಲಿ ಸಾಲಗಾರ ಪಡೆದವನು. ‘ಸಾಲಗಾರರ ಕಾಟಕ್ಕೆ ಊರು ಬಿಟ್ಟ.’ ಇಲ್ಲಿ ಸಾಲಗಾರ ಕೊಟ್ಟವನು! ಉರ್ದುವಿನಲ್ಲಿ ಕೊಟ್ಟವನಿಗೆ ‘ಕರ್ಜ್‌ಖ್ವಾಹ್’ ಎಂಬ ಬೇರೆ ಪದವೇ ಇದೆ. ಒಂದೇ ವಾಕ್ಯ ಕೇಳಿದ್ದರೆ ಇದು ತಿಳಿಯುತ್ತಿರಲಿಲ್ಲ. ಈ ಗೊಂದಲ ಬೇಡವೆಂದಾದರೆ ಲೆಕ್ಕದಲ್ಲಿ ಪಡೆದವನನ್ನು ಋಣಿ, ಕೊಟ್ಟವನನ್ನು ಧನಿ ಎಂದು ಬರೆಯಬಹುದು.

ಮೂರನೆಯ ಪ್ರಶ್ನೆ: ಇದರ ಹತ್ತಿರದ ಪದಗಳು ಯಾವುವು?

ಕೈಗಡ: ಬಡ್ಡಿ, ಪತ್ರ ಇಲ್ಲದೆ ಸ್ವಲ್ಪ ದಿನಕ್ಕೆ ಪಡೆದ ಹಣ.
ಉದ್ರಿ: ಹಣ ಆಮೇಲೆ ಕೊಡುವುದಾಗಿ ಅಂಗಡಿಯಿಂದ ತಂದ ಸಾಮಾನು.
ಬಾಕಿ: ಕೊಟ್ಟು ಉಳಿದದ್ದು.
ಋಣ: ಹಣದ್ದೂ ಹೌದು, ಉಪಕಾರದ್ದೂ ಹೌದು.

ಅರ್ಥವಾಯಿತೇ ಎಂದು ತಿಳಿಯಲು ಪದ ಬದಲಿಸಿ ನೋಡಿ. ‘ತಾಯಿಯ ಋಣ ತೀರದು’ ಸರಿ. ‘ತಾಯಿಯ ಉದ್ರಿ ತೀರದು’ ಎಂದರೆ ನಗು ಬರುತ್ತದೆ. ‘ಅಂಗಡಿಯಿಂದ ಸಕ್ಕರೆ ಉದ್ರಿ ತಂದೆ’ ಸರಿ; ‘ಸಕ್ಕರೆ ಬಾಕಿ ತಂದೆ’ ಆಗದು. ಆದರೆ ‘ಉದ್ರಿ ಬಾಕಿ ನೂರು ರೂಪಾಯಿ’ ಎಂದು ಎರಡನ್ನೂ ಕೂಡಿಸಬಹುದು. ಎಲ್ಲಿ ಪದ ಕೂರುವುದಿಲ್ಲವೋ ಅಲ್ಲಿ ಅದರ ಎಲ್ಲೆ ಕಾಣುತ್ತದೆ. ಆ ವಾಕ್ಯವನ್ನೂ ವಹಿಯಲ್ಲಿ ಬರೆದಿಡಿ.