‘ಐದು ವರ್ಷದಿಂದ ಹೀಗೇ’ ಎಂಬ ಒಂದು ಸಾಲು

ಪಡುಬಿದ್ರಿಯ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮಗನ ಹೆಸರಲ್ಲಿ ಆರೋಗ್ಯ ವಿಮೆ ಮಾಡಿಸಿ ಒಂದೂವರೆ ವರ್ಷವಾಗಿದೆ. ನಾಲ್ಕು ರಾತ್ರಿ ನಿದ್ದೆಯಿಲ್ಲದೆ, ಯಾರೋ ಬೆನ್ನಟ್ಟುತ್ತಿದ್ದಾರೆಂದು ಕೂಗಾಡಿದವನನ್ನು ಮಣಿಪಾಲಕ್ಕೆ ಒಯ್ದು ದಾಖಲಿಸುತ್ತಾರೆ. ಯಾವಾಗಿನಿಂದ ಹೀಗೆ ಎಂದು ಡಾಕ್ಟರ್ ಕೇಳಿದರೆ, ಗಾಬರಿಯಲ್ಲಿದ್ದ ಅಮ್ಮ, “ಐದು ವರ್ಷದಿಂದ ಒಂದು ನಮೂನೆ ಇದ್ದ ಡಾಕ್ಟ್ರೇ, ಯಾರತ್ರವೂ ಮಾತಾಡ್ತಿರಲಿಲ್ಲ” ಎನ್ನುತ್ತಾರೆ. ಆ ಮಾತು ಕೇಸ್ ಶೀಟಿಗೆ ಇಳಿಯುತ್ತದೆ. ವಿಮಾ ಕಂಪನಿ ಅದನ್ನೇ ಹಿಡಿದು ಕ್ಲೇಮ್ ತಿರಸ್ಕರಿಸುತ್ತದೆ: ಪಾಲಿಸಿಗಿಂತ ಮೊದಲೇ ಇದ್ದ ಕಾಯಿಲೆ.

ಮಾನಸಿಕ ಕಾಯಿಲೆಗೆ ವಿಮೆಯೇ ಇಲ್ಲ ಎಂದು ಕೌಂಟರಿನಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಪ್ರಕಾರ ದೇಹದ ಕಾಯಿಲೆಗೆ ಕೊಡುವ ಆಧಾರದಲ್ಲೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ನ್ಯಾಷನಲ್ ಇನ್ಶೂರೆನ್ಸ್ ಕಂಪನಿ ಇಂಥ ಕ್ಲೇಮ್ ನಿರಾಕರಿಸಿದಾಗ ದೆಹಲಿ ಹೈಕೋರ್ಟ್ 2021ರ ಏಪ್ರಿಲ್‌ನಲ್ಲಿ 3.95 ಲಕ್ಷ ರೂಪಾಯಿ ಕೊಡಿಸಿತು. ಹಾಗಾಗಿ ‘ಆಗುವುದಿಲ್ಲ’ ಎಂಬುದನ್ನು ಕಾರಣಸಹಿತ ಬರಹದಲ್ಲೇ ಕೇಳಿ ಪಡೆಯಬೇಕು.

ಹೆಚ್ಚಿನವರು ಸೋಲುವುದು ಆ ಒಂದು ಸಾಲಿನಲ್ಲಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ, ಪಾಲಿಸಿ ಶುರುವಾಗುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಗುರುತಿಸಿದ, ಇಲ್ಲವೇ ಸಲಹೆ ಅಥವಾ ಚಿಕಿತ್ಸೆ ಕೊಟ್ಟ ಕಾಯಿಲೆ ಮಾತ್ರ ಮೊದಲೇ ಇದ್ದ ಕಾಯಿಲೆ. ಅಮ್ಮನಿಗೆ ಕಂಡ ‘ಒಂದು ನಮೂನೆ’ ವೈದ್ಯರ ನಿರ್ಣಯವಲ್ಲ. ಆದ್ದರಿಂದ ಡಿಸ್ಚಾರ್ಜ್‌ಗೆ ಮೊದಲೇ ಸಾರಾಂಶ ಓದಿ, ಕಾಯಿಲೆ ಮೊದಲು ಪತ್ತೆಯಾದ ದಿನ ಮತ್ತು ಮೊದಲು ಔಷಧ ಶುರುವಾದ ದಿನವನ್ನು ಬರೆಯುವಂತೆ ವೈದ್ಯರನ್ನು ಕೇಳಬೇಕು. ನಿಜವಾದ ದಿನವನ್ನೇ ಬರೆಸಬೇಕು; ತಿದ್ದಿಸಲು ಹೋದರೆ ಕೇಸೇ ಬಿದ್ದುಹೋಗುತ್ತದೆ. ದಾಖಲೆ ಪಡೆಯುವ ಹಕ್ಕನ್ನು ಅದೇ ಕಾಯ್ದೆಯ 25ನೇ ಕಲಂ ರೋಗಿಗೆ ಕೊಟ್ಟಿದೆ.

ಆದರೆ ಮಗ ಪಾಲಿಸಿಗೆ ವರ್ಷದ ಮೊದಲು ಮಾತ್ರೆ ನುಂಗಿದ್ದರೆ? ಆಗ ಲೆಕ್ಕ ಬೇರೆ. “ಅದೆಲ್ಲ ಬರೆಯುವುದು ಬೇಡ, ಪ್ರೀಮಿಯಂ ಜಾಸ್ತಿಯಾಗ್ತದೆ” ಎಂದು ಏಜೆಂಟ್ ಅರ್ಜಿಯಲ್ಲಿ ‘ಇಲ್ಲ’ಕ್ಕೆ ಗುರುತು ಹಾಕಿ ಕಮಿಷನ್ ತೆಗೆದುಕೊಂಡು ಹೋಗುತ್ತಾನೆ. ಸಹಿ ಮಾಡಿದ ಮನೆಯವರು ಆಸ್ಪತ್ರೆ ಬಿಲ್ ಹಿಡಿದು ನಿಲ್ಲುತ್ತಾರೆ. ಈ ಅನ್ಯಾಯ ನಿಲ್ಲಬೇಕು. ನಿಜ ಬರೆದಿದ್ದರೆ ಕಾಯುವ ಅವಧಿ ಗರಿಷ್ಠ 3 ವರ್ಷ, ಅಷ್ಟೇ. 5 ವರ್ಷ ಬಿಡದೆ ಕಂತು ಕಟ್ಟಿದ ಮೇಲಂತೂ, ವಂಚನೆ ಸಾಬೀತಾಗದ ಹೊರತು, ಮುಚ್ಚಿಟ್ಟಿರಿ ಎಂದು ಕಂಪನಿ ತಕರಾರು ತೆಗೆಯುವಂತಿಲ್ಲ.

ದಾಖಲಾಗದೆ ಪಡೆಯುವ ಆಪ್ತಸಮಾಲೋಚನೆಗೆ ಹಣ ಸಿಗುವುದು ಪಾಲಿಸಿಯಲ್ಲಿ ಹೊರರೋಗಿ ವೆಚ್ಚ ಸೇರಿದ್ದರೆ ಮಾತ್ರ. ಕಾನೂನು ಹೇಳುವುದು ಸಮಾನತೆ. ಸಕ್ಕರೆ ಕಾಯಿಲೆಯ ಹೊರರೋಗಿ ಬಿಲ್ ಕೊಡದ ಪಾಲಿಸಿ ಇದನ್ನೂ ಕೊಡಬೇಕಿಲ್ಲ.

ತಿರಸ್ಕಾರ ಪತ್ರ ಬಂದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಒಪ್ಪಿಗೆಯಾಗದಿದ್ದರೆ ವರ್ಷದೊಳಗೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ. ಒಂದು ಎಚ್ಚರ: ಅದೇ ವಿಷಯ ಗ್ರಾಹಕರ ಆಯೋಗದಲ್ಲಿ ಆಗಲೇ ಇದ್ದರೆ ಲೋಕಪಾಲರು ಮುಟ್ಟುವುದಿಲ್ಲ.