ಬುಲ್ ಕಾಲ್ ಸ್ಪ್ರೆಡ್: ಅಸಲು ಗಿಟ್ಟುವ ಬೆಲೆ ಯಾವುದು?

ಕಾಲ್ ಆಪ್ಷನ್ ಎಂದರೆ ಷೇರನ್ನು ಮೊದಲೇ ಗೊತ್ತುಪಡಿಸಿದ ಬೆಲೆಗೆ ಕೊಳ್ಳುವ ಹಕ್ಕು. ಈ ಹಕ್ಕಿಗಾಗಿ ಕೊಡುವ ಹಣವೇ ಪ್ರೀಮಿಯಂ. ಬೆಲೆ ಮಿತವಾಗಿ ಏರೀತೆಂದು ಎಣಿಸುವವರು ಕೆಳಬೆಲೆಯ ಹಕ್ಕನ್ನು ಕೊಂಡು, ಅದೇ ಅವಧಿಯ ಮೇಲುಬೆಲೆಯ ಹಕ್ಕನ್ನು ಮಾರುತ್ತಾರೆ.

ಬೆಂಗಳೂರಿನ ಇನ್ಫೋಸಿಸ್ ಷೇರಿನ ಮೇಲೆ ಒಂದು ಲೆಕ್ಕ ಮಾಡೋಣ. ಅಂಕಿಗಳು ಕಲ್ಪಿತ, ದಲ್ಲಾಳಿ, ತೆರಿಗೆ ಸೇರಿಸಿಲ್ಲ. 1500 ರೂ. ಬೆಲೆಯ ಹಕ್ಕನ್ನು 40 ರೂ.ಗೆ ಕೊಂಡು, 1560ರದ್ದನ್ನು 15 ರೂ.ಗೆ ಮಾರಿದರೆ ಕೈಬಿಡುವುದು 25 ರೂ. ಇದನ್ನು ಕೆಳಬೆಲೆಗೆ ಕೂಡಿಸಿದರೆ 1525 ರೂ. ಇದೇ ಅಸಲು ಗಿಟ್ಟುವ ಬೆಲೆ. 40 ರೂ. ಕೂಡಿಸಿ 1540 ಎನ್ನುವುದು ತಪ್ಪು. ಮಾರಿ ಬಂದ 15 ರೂ. ಮರೆಯಬಾರದು.

ಮುಕ್ತಾಯದ ದಿನ ಷೇರು 1500 ಅಥವಾ ಅದಕ್ಕೂ ಕೆಳಗಿದ್ದರೆ ಷೇರೊಂದಕ್ಕೆ 25 ರೂ. ನಷ್ಟ, ಅದಕ್ಕಿಂತ ಹೆಚ್ಚಿಲ್ಲ. 1540 ಆದರೆ ದಕ್ಕುವ 40ರಲ್ಲಿ 25 ಕಳೆದು 15 ರೂ. ಲಾಭ. 1560 ಮೀರಿ ಎಷ್ಟೇ ಏರಿದರೂ ಲಾಭ 35 ರೂ. ಮಾತ್ರ.

ಒಂದು ಎಚ್ಚರಿಕೆ. 2019ರ ಅಕ್ಟೋಬರ್‌ನಿಂದ ನಮ್ಮ ದೇಶದಲ್ಲಿ ಷೇರು ಆಪ್ಷನ್‌ಗಳು ಷೇರು ಕೊಟ್ಟು ಪಡೆದೇ ಚುಕ್ತಾ ಆಗುತ್ತವೆ. ಬೆಲೆ 1540ರಲ್ಲಿ ನಿಂತರೆ 1560ರ ಹಕ್ಕು ನಿರರ್ಥಕ. 1500ರಂತೆ ಪೂರ್ತಿ ಹಣ ತೆತ್ತು ಷೇರು ಪಡೆಯಬೇಕು. ಅಷ್ಟು ಹಣವಿಲ್ಲದವರು ಮುಕ್ತಾಯಕ್ಕೆ ಮುಂಚೆಯೇ ಎರಡನ್ನೂ ಒಟ್ಟಿಗೆ ಮುಗಿಸಿಕೊಳ್ಳಬೇಕು.